ಕೋಟ್ರೈಮಾಕ್ಸಜೋಲ್ ಶುರುಮಾಡಿದ 11ನೇ ದಿನ ದದ್ದು: ಮಾತ್ರೆ ನಿಲ್ಲಿಸಬೇಕೆ?

ಪ್ರಶ್ನೆ: ನನ್ನ ತಮ್ಮನಿಗೆ ಶ್ವಾಸಕೋಶದ ಸೋಂಕು ತಗುಲದಿರಲೆಂದು ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನು ದಿನಕ್ಕೊಂದರಂತೆ ಕೊಟ್ಟಿದ್ದಾರೆ. ಇಂದಿಗೆ 11 ದಿನ. ಮೊನ್ನೆಯಿಂದ ಜ್ವರ, ಗಂಟಲುನೋವು. ಇಂದು ಎದೆಯ ಮೇಲೆ ಕೆಂಪು ಕಲೆಗಳು ಮತ್ತು ಕಣ್ಣುರಿ. ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರೆ ಸಾಕೆ?

ಔಷಧಾಲಯದಲ್ಲಿರುವ ಸದಸ್ಯರು: ಈ ಔಷಧಿಗೆ ಎರಡನೇ ವಾರದಲ್ಲಿ ದದ್ದು ಏಳುವುದು ಸಾಮಾನ್ಯ. ತುರಿಕೆಗೆ ಸೆಟ್ರಿಜಿನ್ ಕೊಟ್ಟು ಮುಂದುವರಿಸಿದ ಎಷ್ಟೋ ಜನರನ್ನು ಕಂಡಿದ್ದೇನೆ.

ಚರ್ಮರೋಗ ತಜ್ಞೆ: ಮುಂದಿನ ಮಾತ್ರೆ ಕೊಡಬೇಡಿ, ಅರ್ಧವೂ ಬೇಡ, ಇಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಮೇಲಿನ ಸದಸ್ಯರು ಹೇಳಿದ್ದು ಜ್ವರವಿಲ್ಲದ, ಬರೀ ತುರಿಸುವ ದದ್ದಿಗೆ ಸರಿ, ಅದೂ ವೈದ್ಯರು ನೋಡಿದ ಮೇಲೆ. ಇಲ್ಲಿ ಚರ್ಮಕ್ಕಿಂತ ಮೊದಲೇ ಜ್ವರ ಬಂದಿದೆ, ಕಣ್ಣು ಉರಿಯುತ್ತಿದೆ. ಔಷಧಿಯಿಂದ ಚರ್ಮ, ಬಾಯಿ, ಕಣ್ಣುಗಳ ಪದರ ಸುಲಿದು ಜೀವಕ್ಕೇ ಅಪಾಯ ತರುವ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ ಹಲವು ಬಾರಿ ಹೀಗೆಯೇ ಶುರುವಾಗುತ್ತದೆ, ಸಾಮಾನ್ಯವಾಗಿ ಔಷಧಿ ಆರಂಭಿಸಿದ 4ರಿಂದ 28 ದಿನಗಳೊಳಗೆ.

ಹೊರಡುವ ಮುನ್ನ ಒಂದು ನಿಮಿಷ ನೋಡಿ: ಕಲೆಯ ನಡುಭಾಗ ಪೆಟ್ಟು ಬಿದ್ದಂತೆ ಕಂದು-ನೇರಳೆಯಾಗಿದೆಯೆ, ಅಂಗಿ ತಾಗಿದರೂ ಚರ್ಮ ನೋಯುತ್ತದೆಯೆ, ತುಟಿಯ ಒಳಭಾಗ ಸುಲಿದಿದೆಯೆ, ಮೂತ್ರ ಮಾಡುವಾಗ ಉರಿಯಿದೆಯೆ? ಇವುಗಳಲ್ಲಿ ಯಾವುದೂ ಇಲ್ಲದಿದ್ದರೂ ಹೋಗಲೇಬೇಕು. ಚರ್ಮವನ್ನು ಉಜ್ಜಿ ಪರೀಕ್ಷಿಸಬೇಡಿ. ಕಳೆದ 8 ವಾರಗಳಲ್ಲಿ ಶುರುಮಾಡಿದ ಎಲ್ಲ ಔಷಧಿಗಳ ಪಟ್ಟಿಯನ್ನು ಜೊತೆಗೆ ಒಯ್ಯಿರಿ; ಅಪಸ್ಮಾರದ ಅಥವಾ ಎಚ್‌ಐವಿಯ ಕೆಲವು ಔಷಧಿಗಳೂ ಇದೇ ಕೆಡುಕು ಮಾಡಬಲ್ಲವು.

ನಾನು ನೋಡಿದ ಒಬ್ಬರಿಗೆ 9ನೇ ದಿನ ಕಣ್ಣು ಕೆಂಪಾದಾಗ ಕಣ್ಣಿನ ಸೋಂಕೆಂದು ಹನಿ ಹಾಕಿ, ಮಾತ್ರೆಯನ್ನು ಇನ್ನೆರಡು ದಿನ ಮುಂದುವರಿಸಿದ್ದರು. 11ನೇ ದಿನ ಬೆನ್ನಿನ ಚರ್ಮ ಒದ್ದೆ ಕಾಗದದಂತೆ ಜಾರುತ್ತಿತ್ತು. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಹರಡಬಹುದು, ಆದರೂ ಬೇಗ ನಿಲ್ಲಿಸಿದಷ್ಟು ಬದುಕುವ ಅವಕಾಶ ಹೆಚ್ಚು.

ಮತ್ತೊಬ್ಬ ಸದಸ್ಯೆ: ನನಗೂ ಕೋಟ್ರೈಮಾಕ್ಸಜೋಲ್‌ನಂಥ ಸಲ್ಫಾ ಔಷಧಿ ಆಗದು. ಅಂದಿನಿಂದ ಗಂಧಕವಿರುವ ಸೋಪು, ಈರುಳ್ಳಿ ಎಲ್ಲ ಬಿಟ್ಟಿದ್ದೇನೆ.

ಚರ್ಮರೋಗ ತಜ್ಞೆ: ಸಲ್ಫಾ ಅಲರ್ಜಿಗೂ ಗಂಧಕಕ್ಕೂ ಸಂಬಂಧವಿಲ್ಲ, ಈರುಳ್ಳಿ ತಿನ್ನಿ. ನಿಮಗೆ ಆಗ ಗುಳ್ಳೆ ಎದ್ದಿತ್ತೆ, ಬಾಯಿ ಹುಣ್ಣಾಗಿತ್ತೆ ಎಂಬುದು ಮುಖ್ಯ. ಸಾಧಾರಣ ದದ್ದಾಗಿದ್ದರೆ, ಔಷಧಿ ಅನಿವಾರ್ಯವಾದಾಗ ವೈದ್ಯರ ನಿಗಾದಲ್ಲಿ ಅತಿ ಚಿಕ್ಕ ಪ್ರಮಾಣದಿಂದ ಏರಿಸುತ್ತಾ ಒಗ್ಗಿಸಬಹುದು. ಗುಳ್ಳೆಯೋ ಬಾಯಿ-ಕಣ್ಣಿನ ಹುಣ್ಣೋ ಬಂದಿದ್ದರೆ ಆ ದಾರಿ ಮುಚ್ಚಿತು, ಜೀವಮಾನದಲ್ಲಿ ಮತ್ತೆ ಅದನ್ನು ಮುಟ್ಟುವಂತಿಲ್ಲ.

ಪ್ರಶ್ನೆ ಕೇಳಿದವರು: ದಾಖಲಿಸಿಕೊಂಡಿದ್ದಾರೆ. ತುಟಿಯೊಳಗೆ ಹುಣ್ಣು ಕಂಡಿತು. ಸ್ಟೀರಾಯ್ಡ್ ಕೊಡುವ ಬಗ್ಗೆ ವೈದ್ಯರಲ್ಲೇ ಎರಡು ಅಭಿಪ್ರಾಯವಿದೆ.

ಚರ್ಮರೋಗ ತಜ್ಞೆ: ಅದು ನಮ್ಮಲ್ಲಿಯೂ ಇನ್ನೂ ಬಗೆಹರಿದಿಲ್ಲ, ಕೆಲವರು ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಕಡೆಗೆ ವಾಲುತ್ತಾರೆ. ಆದರೆ ಕಣ್ಣಿನ ವೈದ್ಯರು ಇಂದೇ ನೋಡಲೆಂದು ಕೇಳಿಕೊಳ್ಳಿ. ರೆಪ್ಪೆ ಅಂಟಿಕೊಂಡು ಉಳಿದುಬಿಡುವ ಗಾಯ ಮೊದಲ ದಿನಗಳಲ್ಲೇ ಆರಂಭವಾಗುತ್ತದೆ. ಬಿಡುಗಡೆಯ ಚೀಟಿಯಲ್ಲಿ ‘ಸಲ್ಫಾ ಅಲರ್ಜಿ’ ಎಂದಷ್ಟೇ ಬರೆಯದೆ, ಔಷಧಿಯ ಹೆಸರು, ದಿನ, ಹುಣ್ಣು-ಗುಳ್ಳೆಗಳ ವಿವರ ಎಲ್ಲವನ್ನೂ ಬರೆಸಿಕೊಳ್ಳಿ.