“Users Interact” ಎಂಬುದಕ್ಕೆ ಪಾಲಕರಿಗೆ ತಿಳಿಯುವ ಕನ್ನಡ ಬೇಕಾಗಿದೆ: ಶುಕ್ರವಾರ ಮುದ್ರಣ

ವಿದ್ಯಾ, ಕುಂಜಿಬೆಟ್ಟು:

ಮಾನ್ಯರೇ, ನಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಭೆಯಲ್ಲಿ ಹಂಚಲು ಒಂದು ಪುಟದ ಕರಪತ್ರ ಸಿದ್ಧಪಡಿಸುತ್ತಿದ್ದೇನೆ. ಮಕ್ಕಳಿಗೆ ಮೊಬೈಲ್ ಆಟವೊಂದನ್ನು ಹಾಕಿಕೊಡುವ ಮೊದಲು ಪ್ಲೇ ಸ್ಟೋರಿನಲ್ಲಿ ಅದರ ವಯಸ್ಸಿನ ಗುರುತನ್ನು ಓದುವುದು ಹೇಗೆಂದು ಪಾಲಕರಿಗೆ ತಿಳಿಸಬೇಕಾಗಿದೆ. ನಮ್ಮ ಮೂರನೆಯ ತರಗತಿಯವರು ಬಹಳವಾಗಿ ಆಡುವ, ಕೋಟೆ ಕಟ್ಟಿ ಬೇರೆಯವರ ಊರಿಗೆ ದಾಳಿಯಿಡುವ ಒಂದು ಆಟವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಅದರ ಪುಟದಲ್ಲಿ “Rated for 7+” ಎಂದಿದೆ. ಆ ಸಂಖ್ಯೆಯನ್ನು ಒತ್ತಿದರೆ “Mild Violence” ಎಂದೂ, ಕೆಳಗೆ “Users Interact” ಎಂದೂ, “In-Game Purchases” ಎಂಬುದರ ಜತೆಗೆ ಆವರಣದಲ್ಲಿ “Includes Random Items” ಎಂದೂ ಬರುತ್ತದೆ. ನಾನು ಕ್ರಮವಾಗಿ “7 ವರ್ಷ ಮೇಲ್ಪಟ್ಟ ಪ್ರಾಯದವರಿಗೆ”, “ಸೌಮ್ಯ ಹಿಂಸೆ”, “ಬಳಕೆದಾರರ ಪರಸ್ಪರ ಸಂವಹನ”, “ಯಾದೃಚ್ಛಿಕ ವಸ್ತುಗಳು” ಎಂದು ಬರೆದುಕೊಂಡೆ. ಓದಿದ ತಾಯಂದಿರಿಗೆ ಮೊದಲನೆಯದನ್ನು ಬಿಟ್ಟು ಬೇರೇನೂ ಅರ್ಥವಾಗಲಿಲ್ಲ. ತಿದ್ದಿಕೊಡಬೇಕಾಗಿ ವಿನಂತಿ.

ಭಟ್, ಕಿನ್ನಿಗೋಳಿ:

“ಸೌಮ್ಯ ಹಿಂಸೆ” ನಗೆಪಾಟಲು. ಹಿಂಸೆ ಎಲ್ಲಿಯಾದರೂ ಸೌಮ್ಯವಾಗಿರುವುದುಂಟೇ? “ಯಾದೃಚ್ಛಿಕ” ಎಂಬುದನ್ನು ಬರೆದವರೇ ಎರಡನೆಯ ಸಲ ತಪ್ಪಿಲ್ಲದೆ ಬರೆಯಲಾರರು. “ಪ್ರಾಯ” ಸಂಸ್ಕೃತದ್ದು. ಕನ್ನಡದಲ್ಲಿ “ಹರೆಯ” ಇರುವಾಗ ಅದೇಕೆ?

ಸುಧಾಕರ, ಬ್ರಹ್ಮಾವರ:

ಮಾಸ್ತರೇ, “ಹರೆಯ” ಅದೇ “ಪ್ರಾಯ”ದ ತದ್ಭವ. ಅಲ್ಲದೆ ಅದಕ್ಕೆ ಯೌವನವೆಂಬ ಅರ್ಥ ಗಟ್ಟಿಯಾಗಿರುವುದರಿಂದ ಏಳು ವರ್ಷದ ಮಗುವಿಗೆ ಹೊಂದುವುದಿಲ್ಲ. ಘಟ್ಟದ ಮೇಲಿನವರು ಏನೇ ಹೇಳಲಿ, ನಮ್ಮಲ್ಲಿ “ಮಗುವಿಗೆ ಪ್ರಾಯ ಎಷ್ಟು?” ಎಂದೇ ಕೇಳುತ್ತಾರೆ, ಅದು ಉಳಿಯಲಿ. ನನ್ನ ಸಲಹೆಯೇನೆಂದರೆ, ಈ ಗುರುತುಗಳನ್ನು ಸೆನ್ಸಾರ್ ಮಂಡಳಿಯೇ ಕೊಡುವುದರಿಂದ, ಸಿನಿಮಾದ “UA 7+” ಎಂಬುದಕ್ಕೆ ಪತ್ರಿಕೆಗಳು ಬಳಸುವ ಮಾತನ್ನೇ ಇಲ್ಲಿಯೂ ಹಾಕಿದರೆ ಪಾಲಕರಿಗೆ ಪರಿಚಿತವಾಗಿರುತ್ತದೆ.

ನವೀನ, ಕದ್ರಿ:

ಸುಧಾಕರರೇ, ತದ್ಭವದ ಮಾತು ಸರಿ. ಸೆನ್ಸಾರ್ ಮಂಡಳಿಯ ಮಾತು ಸರಿಯಲ್ಲ. ಸಿನಿಮಾದವರಿಗೆ ಮಂಡಳಿಯ ಮುಂದೆ ಚಿತ್ರವನ್ನು ಓಡಿಸಿ ತೋರಿಸಿದ ಮೇಲೆ ಪ್ರಮಾಣಪತ್ರ ದೊರೆಯುತ್ತದೆ. ಪ್ಲೇ ಸ್ಟೋರಿನ ಆಟಕ್ಕೆ ಹಾಗಿಲ್ಲ. ನಾನು ಆಟಗಳನ್ನು ತಯಾರಿಸುವ ಕಡೆ ಕೆಲಸಮಾಡಿದವನಾದ್ದರಿಂದ ಆ ನಮೂನೆಯನ್ನು ಕೈಯಾರೆ ತುಂಬಿದ್ದೇನೆ. IARC ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿಯೊಂದು ಬರುತ್ತದೆ: ರಕ್ತ ಕಾಣಿಸುತ್ತದೆಯೇ, ಹೊಡೆಸಿಕೊಳ್ಳುವವರು ಮನುಷ್ಯರೋ ಕಲ್ಪನೆಯ ಜೀವಿಗಳೋ, ಜೂಜಿನ ಅನುಕರಣೆ ಇದೆಯೇ, ಆಟಗಾರರು ತಮ್ಮೊಳಗೆ ಮಾತಾಡಬಹುದೇ ಎಂದು ಅದು ಕೇಳುತ್ತದೆ. ತಯಾರಕರ ಉತ್ತರದ ಮೇಲೆ ಸಂಖ್ಯೆ ತಾನಾಗಿ ಹುಟ್ಟುತ್ತದೆ. ಉತ್ತರ ಸುಳ್ಳೆಂದು ಕಂಡರೆ ಮತ್ತೆ ತಿದ್ದುತ್ತಾರೆ, ಆದರೆ ಅದು ಆಮೇಲಿನ ಮಾತು. ಅಮೆರಿಕ, ಯುರೋಪುಗಳಿಗೆ ಅವರವರ ಗುರುತುಗಳಿವೆ. ನಮಗೆ ಒಕ್ಕೂಟದ ಸಾಮಾನ್ಯ ಗುರುತುಗಳಾದ 3, 7, 12, 16, 18 ಕಾಣಿಸುತ್ತವೆ.

ವಿದ್ಯಾ ಅವರೇ, ಪದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ನಿಮ್ಮ ಉದಾಹರಣೆಯಲ್ಲಿ 7 ಎಂಬ ಸಂಖ್ಯೆ ಬಂದಿರುವುದು “Mild Violence” ಎಂಬ ಸಾಲಿನಿಂದ. ಕೆಳಗಿನ ಎರಡು ಸಾಲುಗಳು ಆಟ ಹೇಗೆ ನಡೆಯುತ್ತದೆಂಬುದನ್ನು ಹೇಳುತ್ತವೆಯೇ ಹೊರತು ಸಾಮಾನ್ಯವಾಗಿ ಸಂಖ್ಯೆಯನ್ನು ಏರಿಸುವುದಿಲ್ಲ. ಆದ್ದರಿಂದಲೇ ಅಪರಿಚಿತರೊಡನೆ ಚಾಟ್ ಮಾಡಬಹುದಾದ ಲೂಡೋ ಕೂಡ “Rated for 3+” ಎಂದು ತೋರಿಸಬಹುದು. ಸಂಖ್ಯೆಯನ್ನಷ್ಟೇ ನೋಡಿ ಒಪ್ಪಿದ ಪಾಲಕರು ಆ ಚಾಟನ್ನು ಕಾಣುವುದೇ ಇಲ್ಲ. ಈ ಎರಡು ಸಾಲುಗಳಿಗೆ ಪ್ರತ್ಯೇಕ ತಲೆಬರಹ ಕೊಡಿ.

ಐರಿನ್, ಶಿರ್ವ:

ನನ್ನ ಮಗನಿಗೆ ನಾಲ್ಕು ವರ್ಷ. “Rated for 3+” ಎಂದಿದ್ದ ಚೆಸ್ ಆಟವನ್ನು ಹಾಕಿಕೊಟ್ಟರೆ ಅವನಿಗೆ ಏನೂ ಅರ್ಥವಾಗದೆ ಅತ್ತುಬಿಟ್ಟ. ಗುರುತು ಸುಳ್ಳೆಂದು ದೂರು ಕೊಡುವುದು ಎಲ್ಲಿ? ಇನ್ನೊಂದು ಮಾತು: ನನ್ನ ತಂಗಿಯ ಐಫೋನಿನಲ್ಲಿ ನೀವು ಹೇಳಿದಂಥದೇ ಒಂದು ಕೋಟೆಯ ಆಟಕ್ಕೆ 9+ ಎಂದಿದೆ, ನನ್ನ ಫೋನಿನಲ್ಲಿ ಅದಕ್ಕೇ 7+. ಯಾವುದನ್ನು ನಂಬಬೇಕು?

ನವೀನ, ಕದ್ರಿ:

ಐರಿನ್ ಅವರೇ, ಚೆಸ್ಸಿನ ಗುರುತು ಸುಳ್ಳಲ್ಲ. ಮೂರು ವರ್ಷದ ಮಗು ನೋಡಬಾರದ್ದು ಅದರಲ್ಲಿ ಇಲ್ಲವೆಂದಷ್ಟೇ ಅದರ ಅರ್ಥ, ಆಡಲು ಬರುತ್ತದೆಯೆಂದಲ್ಲ. ಐಫೋನಿನದು ಆಪಲ್ ಸಂಸ್ಥೆಯ ಬೇರೆಯೇ ಏಣಿ. ಮೊದಲು 4, 9, 12, 17 ಎಂದಿತ್ತು, 2025ರಲ್ಲಿ ಅದನ್ನು 4, 9, 13, 16, 18 ಎಂದು ಬದಲಿಸಿದರು. ಅಲ್ಲಿ 7 ಎಂಬ ಮೆಟ್ಟಿಲೇ ಇಲ್ಲದಿರುವುದರಿಂದ ಎರಡೂ ಸಂಖ್ಯೆಗಳು ಹೊಂದಿಕೆಯಾಗಬೇಕೆಂದು ನಿರೀಕ್ಷಿಸಬಾರದು.

ಭಟ್, ಕಿನ್ನಿಗೋಳಿ:

ಹಾಗಾದರೆ “7 ವರ್ಷ ಮೇಲ್ಪಟ್ಟವರಿಗೆ” ಎಂಬ ಚತುರ್ಥಿಯೇ ತಪ್ಪು. ಅದು ಯೋಗ್ಯತೆಯನ್ನು ಸೂಚಿಸುತ್ತದೆ. “7 ತುಂಬದವರಿಗೆ ಬೇಡ” ಎನ್ನಿ. ನಿಷೇಧ ಸ್ಪಷ್ಟವಾಗಿದ್ದರೆ ಈ ತಾಯಿಯವರಿಗಾದ ಗೊಂದಲ ಯಾರಿಗೂ ಆಗುವುದಿಲ್ಲ. “Mild Violence” ಎಂಬುದಕ್ಕೆ “ತುಸು ಬಡಿದಾಟ”. ನಾಲ್ಕಾಣೆಯ ಕನ್ನಡವಿರುವಲ್ಲಿ ಹಿಂಸೆ, ಸಂವಹನಗಳನ್ನು ಸಾಲ ತರುವ ಚಟವೇಕೆ?

ಸುಧಾಕರ, ಬ್ರಹ್ಮಾವರ:

ಬಡಿದಾಟಕ್ಕೆ ಇಬ್ಬರು ಬೇಕು. ಕಾರು ಗುದ್ದಿ ನುಚ್ಚುನೂರಾಗುವುದೂ, ಒಬ್ಬನೇ ಕೋಟೆಗೆ ಬೆಂಕಿಯಿಡುವುದೂ ಅದೇ ಸಾಲಿನೊಳಗೆ ಬರಬಹುದು. “ಹಿಂಸೆ” ಎಂಬುದು ಇಂದು ಕೂಲಿಗೆ ಹೋಗುವವರ ಬಾಯಲ್ಲೂ ಇರುವ ಮಾತು. ಸಾಲವೆಂದು ಅದನ್ನು ಹಿಂತಿರುಗಿಸಲು ಹೊರಟರೆ “ಕರಪತ್ರ”ವನ್ನೂ “ಶಾಲೆ”ಯನ್ನೂ ಜತೆಗೇ ಕೊಟ್ಟುಬಿಡಬೇಕಾದೀತು. “ಅಲ್ಪಸ್ವಲ್ಪ ಹಿಂಸೆಯ ದೃಶ್ಯ” ಸಾಕು. ದುಡ್ಡಿನ ಸಾಲಿನ ಬಗ್ಗೆ ಮಾತ್ರ ನನಗಿನ್ನೂ ತಿಳಿಯಲಿಲ್ಲ: ಆಟವನ್ನು ಪುಕ್ಕಟೆ ಎಂದೇ ಹಾಕಿಕೊಂಡಿದ್ದಲ್ಲವೇ?

ನವೀನ, ಕದ್ರಿ:

ಹಾಕಿಕೊಳ್ಳುವುದು ಪುಕ್ಕಟೆ, ಒಳಗೆ ಅಂಗಡಿಯಿದೆ. “In-Game Purchases” ಎಂದಷ್ಟೇ ಇದ್ದರೆ ದುಡ್ಡು ಕೊಟ್ಟು ಕೊಳ್ಳುವುದು ಏನೆಂಬುದು ಮೊದಲೇ ಕಾಣಿಸುತ್ತದೆ: ಇಷ್ಟು ರತ್ನ, ಇಷ್ಟು ಬೆಲೆ. “Includes Random Items” ಸೇರಿದ್ದರೆ ಪೆಟ್ಟಿಗೆಯೊಳಗೆ ಏನಿದೆಯೆಂಬುದು ದುಡ್ಡು ಹೋದ ಮೇಲೆ ತಿಳಿಯುತ್ತದೆ. ನಮ್ಮ ತೇರಿನ ಗದ್ದೆಯಲ್ಲಿ ಚೀಟಿ ಎತ್ತಿಸುವ ಅಂಗಡಿಯಂತೆಯೇ. ಮಗುವಿಗೆ ಬೇಕಾದ ವೀರ ಬಾರದಿದ್ದರೆ ಇನ್ನೊಂದು ಪೆಟ್ಟಿಗೆ ಬೇಕೆನ್ನುತ್ತದೆ. “ಏನು ಸಿಗುವುದೆಂದು ತಿಳಿಯದ ಪೆಟ್ಟಿಗೆಗಳೂ ಮಾರಾಟಕ್ಕಿವೆ” ಎಂದು ಪೂರ್ಣ ವಾಕ್ಯವನ್ನೇ ಬರೆಯಿರಿ. ಜೂಜೆಂದು ಮಾತ್ರ ಬರೆಯಬೇಡಿ; “Simulated Gambling” ಎಂಬ ಬೇರೆಯೇ ಸಾಲಿದೆ, ಇಸ್ಪೀಟಿನಂಥ ಆಟಗಳಲ್ಲಿ ಸುಳ್ಳು ನಾಣ್ಯ ಒಡ್ಡುವುದಕ್ಕೆ ಅದು.

ವಿದ್ಯಾ, ಕುಂಜಿಬೆಟ್ಟು:

ಎಲ್ಲರಿಗೂ ಧನ್ಯವಾದ. ಕರಡನ್ನು ಹೀಗೆ ಬದಲಿಸಿದ್ದೇನೆ. ಪಾಲಕರು ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಸಾಲುಗಳನ್ನೇ ಆದ್ದರಿಂದ ಅವುಗಳನ್ನು ಹಾಗೆಯೇ ಎಡಕ್ಕೆ ಮುದ್ರಿಸಿ, ಬಲಕ್ಕೆ ಕನ್ನಡ ಕೊಡುತ್ತೇನೆ.

“Rated for 7+”: 7 ವರ್ಷ ತುಂಬದ ಮಕ್ಕಳಿಗೆ ಬೇಡ. ಆಡಲು ಸುಲಭವೋ ಕಷ್ಟವೋ ಎಂಬುದನ್ನು ಇದು ಹೇಳುವುದಿಲ್ಲ.
“Mild Violence”: ಅಲ್ಪಸ್ವಲ್ಪ ಹಿಂಸೆಯ ದೃಶ್ಯಗಳಿವೆ.
“Includes Random Items”: ಏನು ಸಿಗುವುದೆಂದು ತಿಳಿಯದ ಪೆಟ್ಟಿಗೆಗಳೂ ಮಾರಾಟಕ್ಕಿವೆ.
“Users Interact”: ಅಪರಿಚಿತರು ನಿಮ್ಮ ಮಗುವಿನೊಡನೆ ಮಾತಾಡಬಹುದು.

ಪ್ರಾಯ, ಹರೆಯ ಎರಡನ್ನೂ ಕೈಬಿಟ್ಟಿದ್ದೇನೆ. ಕೊನೆಯ ಸಾಲು ಆಗಬಹುದೇ?

ನವೀನ, ಕದ್ರಿ:

ಕೊನೆಯದು ಅರ್ಧ. ಮಾತಿಲ್ಲದೆ ಫೋಟೋ ಅಥವಾ ತಾವು ಮಾಡಿದ ಚಿತ್ರ ಹಂಚಿಕೊಳ್ಳುವ ಆಟಕ್ಕೂ ಇದೇ ಸಾಲು ಬರುತ್ತದೆ. ಚಾಟ್ ಇರುವಲ್ಲಿಯೂ ಗೆಳೆಯರಿಗಷ್ಟೇ ಸೀಮಿತವಾಗಿರುವುದುಂಟು. “ಬೇರೆ ಆಟಗಾರರೊಡನೆ ಸಂಪರ್ಕವಿದೆ” ಎಂದರೆ ತಪ್ಪಾಗದು.

ಐರಿನ್, ಶಿರ್ವ:

ತಪ್ಪಾಗದು, ಆದರೆ ಹಾಗೆ ಬರೆದರೆ ನಾನು ಓದಿ ಮುಂದೆ ಹೋಗುತ್ತೇನೆ. “ಅಪರಿಚಿತರು” ಎಂದಿದ್ದರೆ ನಿಲ್ಲುತ್ತೇನೆ.

ಭಟ್, ಕಿನ್ನಿಗೋಳಿ:

“ಗುರುತಿಲ್ಲದವರು” ಎನ್ನಿ. ಎಡಗಡೆಯ ಇಂಗ್ಲಿಷಿನ ಬಗ್ಗೆ ನನ್ನ ವಿರೋಧವಿದೆ, ಅದನ್ನು ದಾಖಲಿಸಿಕೊಳ್ಳಿ.