ರೀಪೋಸ್ಟ್ ತೆಗ್ದಾಯ್ತು, ಆದ್ರೂ ಭಾವನಿಗೆ ಕಾಣ್ತದಂತೆ

ಪ್ರಶ್ನೆ (ಬದಿಯಡ್ಕ): ನಿನ್ನೆ ರಾತ್ರಿ ಎಕ್ಸಲ್ಲಿ ಯಾರೋ ಹಾಕಿದ "ನಾಳೆ ಕಾಸರಗೋಡು ಜಿಲ್ಲೆಯ ಶಾಲೆಗಳಿಗೆ ಮಳೆ ರಜೆ" ಅನ್ನೋ ಪೋಸ್ಟನ್ನು ರೀಪೋಸ್ಟ್ ಮಾಡಿದೆ, ಮತ್ತೆ ತಾರೀಕು ನೋಡಿದ್ರೆ ಹೋದ ವರ್ಷದ್ದು. ಕೂಡ್ಲೇ ತೆಗ್ದೆ. ಬೆಳಿಗ್ಗೆ ಭಾವ ಫೋನ್ ಮಾಡಿ ಇನ್ನೂ ಕಾಣ್ತದೆ ಅಂತಾರೆ. ಎಂತ ಮಾಡುದು?

ಕುಂಬಳೆಯವರು: ಭಾವನ ಆಪಲ್ಲಿ ಹಳೆ ಫೀಡ್ ನಿಂತಿರ್ತದೆ, ಕೆಳಗೆ ಎಳೆದು ರಿಫ್ರೆಶ್ ಮಾಡ್ಲಿಕ್ಕೆ ಹೇಳಿ, ಹೋಗ್ತದೆ.

ಪೆರ್ಲದವರು: ನನ್ನದೂ ಹೀಗೇ ಆಗಿತ್ತು, ವಾಟ್ಸಾಪಲ್ಲಿ ತಪ್ಪು ಗ್ರೂಪಿಗೆ ಹೋದ ಫೋಟೋ Delete for everyone ಕೊಟ್ಟೆ, ಎಲ್ಲರ ಫೋನಿಂದ ಹೋಯ್ತು. ಇಲ್ಲೂ ಅದೇ ಕೊಡಿ.

ಮಂಜೇಶ್ವರದವರು (ಅಂಗಡಿ, ಸಂಘಗಳ ಪೇಜ್ ನೋಡಿಕೊಳ್ಳುವ ಕೆಲಸ): ವಾಟ್ಸಾಪಿನ ಲೆಕ್ಕ ಇಲ್ಲಿಗೆ ಹೊಂದುದಿಲ್ಲ ಮಾರಾಯ್ರೆ. ಅಲ್ಲಿ ಫೋಟೋ ಕಳಿಸಿದ್ದು ನೀವೇ, ಇಲ್ಲಿ ಪೋಸ್ಟ್ ಬೇರೆಯವರದ್ದು, ರೀಪೋಸ್ಟ್ ಅಂದ್ರೆ ಅವರ ಮನೆಗೆ ದಾರಿ ತೋರಿಸುವ ಬೋರ್ಡ್ ಅಷ್ಟೆ. Undo repost ಕೊಟ್ರೆ ನಿಮ್ಮ ಬೋರ್ಡ್ ಹೋಗ್ತದೆ, ಮನೆ ಅಲ್ಲೇ. ರಿಫ್ರೆಶ್ ಮಾತು ಅರ್ಧ ಸರಿ. ಅದಕ್ಕೆ ಮೊದಲು ಭಾವನ ಹತ್ರ ಒಂದು ಕೇಳಿ, ಪೋಸ್ಟಿನ ಮೇಲೆ ಸಣ್ಣ ಅಕ್ಷರದಲ್ಲಿ ಯಾರದ್ದೋ ಹೆಸರು, ಪಕ್ಕದಲ್ಲಿ reposted ಅಂತ ಉಂಟಾ? ನಿಮ್ಮ ಹೆಸರಾದ್ರೆ ಹಳೆ ಫೀಡ್. ಬೇರೆ ಹೆಸರಾದ್ರೆ ಅವರ ಬೋರ್ಡ್. ಹೆಸರೇ ಇಲ್ಲದಿದ್ರೆ ಭಾವ ಆ ಮೂಲ ಅಕೌಂಟನ್ನೇ ಫಾಲೋ ಮಾಡ್ತಿರಬಹುದು, ಇಲ್ಲಾ For you ತಂದು ಹಾಕಿರಬಹುದು.

ಇನ್ನೊಂದು, ರೀಪೋಸ್ಟ್ ಮಾಡುವಾಗ ಮೇಲೆ "ಹಾಯ್ ಮಕ್ಳೇ" ಅಂತ ಏನಾದ್ರೂ ಬರ್ದಿದ್ರಾ? ಹಾಗಾದ್ರೆ ಅದು ಕೋಟ್, ನಿಮ್ಮದೇ ಪೋಸ್ಟ್, Undo repost ಅದನ್ನು ಮುಟ್ಟುದಿಲ್ಲ. ಪ್ರೊಫೈಲಿಗೆ ಹೋಗಿ ಮೂರು ಚುಕ್ಕೆ ಒತ್ತಿ Delete ಕೊಡ್ಬೇಕು. ನನಗೆ ಬರುವ ದೂರಲ್ಲಿ ಹೆಚ್ಚಿನದ್ದು ಇದೇ.

ಪ್ರಶ್ನೆ ಕೇಳಿದವರು: ಏನೂ ಬರೀಲಿಲ್ಲ, ಬಾಣದ ಗುರ್ತು ಹಸಿರು ಇದ್ದದ್ದು ಈಗ ಬೂದಿ ಆಗಿದೆ. ಭಾವನಿಗೆ ಕಾಣುದು ನಮ್ಮ ಗೆಳೆಯನ ಹೆಸರು. ಅವ ನನ್ನದನ್ನು ನೋಡಿಯೇ ಮಾಡಿದ್ದು, ನಾನು ತೆಗ್ದ್ರೆ ಅವನದ್ದೂ ಹೋಗ್ಬೇಕಲ್ಲ?

ಮಂಜೇಶ್ವರದವರು: ಇಲ್ಲ. ಅವ ನೋಡಿದ್ದು ನಿಮ್ಮ ಮೂಲಕ ಆದ್ರೂ ಅವನ ರೀಪೋಸ್ಟ್ ಕಟ್ಟಿಕೊಳ್ಳುದು ಮೂಲ ಪೋಸ್ಟಿಗೆ, ನಿಮ್ಮದಕ್ಕೆ ಅಲ್ಲ. ಅವನೇ ತೆಗೀಬೇಕು. ಮೂಲದವರು ಡಿಲೀಟ್ ಮಾಡಿದ್ರೆ ಮಾತ್ರ ಎಲ್ಲರ ರೀಪೋಸ್ಟ್ ಒಟ್ಟಿಗೆ ಹೋಗ್ತದೆ, ಆಗಲೂ ಕೋಟ್ ಮಾಡಿದವರ ಸ್ವಂತ ಸಾಲು ಉಳೀತದೆ, ಒಳಗಿನ ಡಬ್ಬಿ ಮಾತ್ರ ಖಾಲಿ. ಸ್ಕ್ರೀನ್‌ಶಾಟ್ ತೆಗ್ದವರದ್ದು ಕೇಳ್ಲೇಬೇಡಿ. ಮೂಲ ಪೋಸ್ಟಿನ ಕೆಳಗೆ "ಇದು ಹೋದ ವರ್ಷದ್ದು" ಅಂತ ರಿಪ್ಲೈ ಹಾಕಿ, ಹಾಕಿದವರಿಗೆ ತೆಗೀಲಿಕ್ಕೆ ಹೇಳಿ.

ಕುಂಬಳೆಯವರು: ಅವರು ಅಕೌಂಟ್ ಪ್ರೈವೇಟ್ ಮಾಡಿದ್ರೂ ಸಾಕಲ್ವಾ?

ಪ್ರಶ್ನೆ ಕೇಳಿದವರು: ರಿಪ್ಲೈ ಹಾಕಿದೆ, ಅವರು ನೋಡ್ಲಿಲ್ಲ. ಗೆಳೆಯ ಫೋನ್ ಎತ್ತುದಿಲ್ಲ, ಮಗಳನ್ನು ಶಾಲೆಗೆ ಕಳಿಸದೆ ಮಲಗಿದ್ದಾನೋ ಏನೋ.