ಅಪ್ಪನ ಖಾತೆಯ ಕೆವೈಸಿ 26 ದಿನಗಳಿಂದ ‘ಪೆಂಡಿಂಗ್’: ಮತ್ತೆ ಅದೇ ಕಾಗದ ಕೊಡಬೇಕೇ?

ಸಗರನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಸುರಪುರ ತಾಲ್ಲೂಕಿನ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಾರೆ. ನಾನು ಕೆಲಸದ ನಿಮಿತ್ತ ಕಲಬುರಗಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. ಅವರ ಉಳಿತಾಯ ಖಾತೆಯನ್ನು 2007ರಲ್ಲಿ ಸುರಪುರದ ಶಾಖೆಯಲ್ಲಿ ತೆರೆಯಲಾಗಿತ್ತು. ಕೆವೈಸಿ ನವೀಕರಿಸಬೇಕೆಂಬ ಸಂದೇಶ ಬಂದಾಗ, ಅವರನ್ನು ಊರಿನಿಂದ ಕರೆಸುವುದು ಬೇಡವೆಂದು ನಾನೇ ಕಲಬುರಗಿಯ ಶಾಖೆಗೆ ಹೋಗಿ, ಅರ್ಜಿ ತುಂಬಿ, ಅವರ ಸಹಿ ಮಾಡಿದ ಆಧಾರ್ ಮತ್ತು ಪ್ಯಾನ್ ಜೆರಾಕ್ಸ್‌ಗಳನ್ನು ಕೊಟ್ಟು ಬಂದೆ. ಇಂದಿಗೆ 26 ದಿನಗಳಾದವು. ಆ್ಯಪ್‌ನಲ್ಲಿ `KYC Status: Pending` ಎಂದೇ ಇದೆ. ತೊಗರಿ ಮಾರಿದ ಹಣ ಖಾತೆಗೆ ಜಮಾ ಆಗಿದೆ, ಆದರೆ ತೆಗೆಯಲು ಬರುತ್ತಿಲ್ಲ. ರಾಶಿ ಯಂತ್ರದ ಬಾಡಿಗೆ ಮತ್ತು ಕೂಲಿಯವರ ಬಟವಾಡೆ ಎರಡೂ ಬಾಕಿ ಇವೆ. ಶಾಖೆಯಲ್ಲಿ ಕೇಳಿದರೆ ‘ಸಿಸ್ಟಮ್‌ನಲ್ಲಿದೆ, ಕಾಯಿರಿ’ ಎನ್ನುತ್ತಾರೆ. ಅದೇ ಕಾಗದಗಳನ್ನು ಮತ್ತೊಮ್ಮೆ ಕೊಡಬೇಕೇ, ಅಥವಾ ಬೇರೇನಾದರೂ ಸಿದ್ಧಪಡಿಸಿಕೊಂಡು ಹೋಗಬೇಕೇ?

ಬಿದರಿ ಕುಸುರಿ

ನಿಮ್ಮ ತಂದೆಯವರ ಖಾತೆಗೆ ಆಧಾರ್ ಜೋಡಣೆ ಆಗಿರಲಿಕ್ಕಿಲ್ಲ. ನಮ್ಮ ಮಾವನವರ ಸಹಾಯಧನ ಹೀಗೆಯೇ ನಿಂತಿತ್ತು. ಆಧಾರ್ ಜೋಡಿಸಲು ಒಂದು ಅರ್ಜಿ ಕೊಟ್ಟ ಮೇಲೆ ಎಲ್ಲವೂ ಸರಿಹೋಯಿತು. ಜೊತೆಗೆ ಪ್ಯಾನ್‌ಗೆ ಆಧಾರ್ ಜೋಡಿಸಿದ್ದೀರೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಿರಿ.

ಭೀಮಾತೀರ

ನಾನು ಬ್ಯಾಂಕ್ ಶಾಖೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೌಂಟರ್‌ನ ಆ ಬದಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಕುಸುರಿಯವರು ಪ್ಯಾನ್ ವಿಷಯದಲ್ಲಿ ಹೇಳಿದ್ದು ಸರಿ. ಜೋಡಣೆ ಆಗದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ, ಹಾಗಾಗಿ ಅದನ್ನು ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಆದರೆ ಸಹಾಯಧನಕ್ಕಾಗಿ ಮಾಡುವ ಆಧಾರ್ ಜೋಡಣೆ ಬೇರೆ, ಕೆವೈಸಿ ಬೇರೆ. ಮೊದಲನೆಯದು ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ಗುರುತಿಸುತ್ತದೆ. ಎರಡನೆಯದು ಖಾತೆದಾರರು ಯಾರು, ಎಲ್ಲಿ ವಾಸಿಸುತ್ತಾರೆ ಎಂಬುದಕ್ಕೆ ದಾಖಲೆ. ಇಲ್ಲಿ ಹಣ ಜಮಾ ಆಗಿದ್ದು, ತೆಗೆಯುವುದು ಮಾತ್ರ ನಿಂತಿದೆ ಎಂದಮೇಲೆ ತೊಡಕು ಕೆವೈಸಿಯಲ್ಲೇ ಇದೆ.

ಸಗರನಾಡು ಅವರೇ, ಅದೇ ಕಾಗದಗಳನ್ನು ಮತ್ತೆ ಕೊಡಬೇಡಿರಿ. ‘ಪೆಂಡಿಂಗ್’ ಎಂಬ ಒಂದೇ ಪದ ಮೂರು ಬೇರೆ ಬೇರೆ ಸ್ಥಿತಿಗಳನ್ನು ಮುಚ್ಚಿಟ್ಟಿರುತ್ತದೆ. ನಿಮ್ಮ ಅರ್ಜಿ ಶಾಖೆಯ ಟ್ರೇಯಲ್ಲೇ ಉಳಿದು, ಗಣಕಕ್ಕೆ ಏರದೇ ಇರಬಹುದು. ಒಬ್ಬ ಸಿಬ್ಬಂದಿ ವಿವರಗಳನ್ನು ಏರಿಸಿದ್ದು, ಅದನ್ನು ನೋಡಿ ಒಪ್ಪಬೇಕಾದ ಎರಡನೆಯ ಅಧಿಕಾರಿಯ ಬಳಿ ನಿಂತಿರಬಹುದು. ಅಥವಾ ಆ ಅಧಿಕಾರಿ ಏನೋ ಕಾರಣ ಬರೆದು ಹಿಂದಿರುಗಿಸಿದ್ದು, ಅದು ನಿಮಗೆ ತಿಳಿಯದೇ ಇರಬಹುದು. ಇಷ್ಟು ದಿನ ಕಳೆದ ಮೇಲೆ ಮೂರನೆಯದರ ಸಾಧ್ಯತೆಯೇ ಹೆಚ್ಚೆಂದು ನನಗೆ ಅನ್ನಿಸುತ್ತದೆ. ಹಾಗೆ ಹಿಂದಿರುಗಿದ್ದರೆ ಅದೇ ಕಾಗದಗಳು ಅದೇ ಕಾರಣಕ್ಕೆ ಮತ್ತೆ ಹಿಂದಿರುಗುತ್ತವೆ.

ಆದುದರಿಂದ ಮೂರು ವಿಷಯಗಳನ್ನು ತಿಳಿಸಿರಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಅಥವಾ ಕೋರಿಕೆ ಸಂಖ್ಯೆ ಪಡೆದಿರಾ? ಜೆರಾಕ್ಸ್‌ಗಳನ್ನು ಮೂಲ ಕಾರ್ಡ್‌ಗಳೊಂದಿಗೆ ಹೋಲಿಸಿ ನೋಡಿ ಯಾರಾದರೂ ಮೊಹರು ಹಾಕಿದರೇ? ಪಾಸ್‌ಬುಕ್, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಮತ್ತು ಜನ್ಮದಿನಾಂಕ ಅಕ್ಷರಶಃ ಹೇಗಿವೆ? ಸಂಖ್ಯೆಗಳನ್ನು ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿರಿ.

ಕಾರಂಜಾ (ಬೀದರ್)

ನನ್ನದೂ ಪೆಂಡಿಂಗ್ ಇದೆ. ಕಳೆದ ವಾರ ವಿಡಿಯೊ ಕರೆಯಲ್ಲಿ ಪ್ಯಾನ್ ತೋರಿಸಿ ಹೊಸ ಖಾತೆ ತೆರೆದೆ. ಖಾತೆ ಸಂಖ್ಯೆಯೂ ಬಂದಿದೆ, ಆದರೆ ಹಣ ಹಾಕಲು ಬರುತ್ತಿಲ್ಲ. ನಾನೂ ಶಾಖೆಗೆ ಹೋಗಿ ಜೆರಾಕ್ಸ್ ಕೊಡಬೇಕೇ?

ಭೀಮಾತೀರ

ಕಾರಂಜಾ ಅಕ್ಕಾವರೇ, ನಿಮ್ಮದು ಬೇರೆ ದಾರಿ. ವಿಡಿಯೊ ಮೂಲಕ ತೆರೆದ ಖಾತೆಯನ್ನು, ಆ ವಿಡಿಯೊವನ್ನು ಬ್ಯಾಂಕಿನವರು ಮತ್ತೊಮ್ಮೆ ತಪಾಸಣೆ ಮಾಡಿದ ಬಳಿಕವೇ ಚಾಲನೆಗೊಳಿಸಬೇಕೆಂಬ ನಿಯಮವಿದೆ. ಪ್ಯಾನ್ ಚಿತ್ರ ಮಸುಕಾಗಿದ್ದರೆ ಅಥವಾ ಕರೆಯ ನಡುವೆ ನೆಟ್‌ವರ್ಕ್ ಕಡಿದಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಶಾಖೆಗೆ ಹೋಗುವ ಮೊದಲು ಗ್ರಾಹಕ ಸೇವೆಗೆ ಕರೆ ಮಾಡಿ, ತಪಾಸಣೆ ಮುಗಿದಿದೆಯೇ, ವಿಡಿಯೊ ಮತ್ತೆ ಮಾಡಬೇಕೇ ಎಂದು ಕೇಳಿರಿ.

ಸಗರನಾಡು (ಕಲಬುರಗಿ)

ಸರ್, ಸ್ವೀಕೃತಿ ಪಡೆಯಲಿಲ್ಲ. ಮೂಲ ಕಾರ್ಡ್‌ಗಳು ಊರಿನಲ್ಲಿ ಅಪ್ಪನ ಬಳಿಯೇ ಇದ್ದುದರಿಂದ ಯಾರೂ ಹೋಲಿಸಿ ನೋಡಲಿಲ್ಲ. ನಿನ್ನೆ ಅವರಿಂದ ಎಲ್ಲವುಗಳ ಫೋಟೊ ತರಿಸಿಕೊಂಡು ನೋಡಿದೆ. ಹೀಗಿದೆ:

```
Passbook : SHARNAPPA B            01/01/1961
Aadhaar  : Sharanappa Bheemanna   01/06/1961
PAN      : SHARANAPPA BHEEMANNA   01/06/1961
```

ಪಾಸ್‌ಬುಕ್‌ನಲ್ಲಿ ಜಿಲ್ಲೆ `GULBARGA` ಎಂದಿದೆ, ಆಧಾರ್‌ನಲ್ಲಿ `Yadgir` ಎಂದಿದೆ. ಇನ್ನೊಂದು ಸಂಗತಿ. ಅರ್ಜಿಯ ವಿಳಾಸದ ಜಾಗದಲ್ಲಿ, ಟಪಾಲು ನನ್ನ ಕೈಗೆ ಬರಲಿ ಎಂದು ಕಲಬುರಗಿಯ ನನ್ನ ಕೋಣೆಯ ವಿಳಾಸ ಬರೆದಿದ್ದೆ. ಅದು ತಪ್ಪಾಯಿತೇ?

ಶಹಾಬಾದ್ ಕಲ್ಲು

ಇದಕ್ಕೆ ಸುಲಭ ದಾರಿ ಇದೆ. ನೋಟರಿ ಬಳಿ ‘ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ’ ಎಂದು ಒಂದು ಅಫಿಡವಿಟ್ ಮಾಡಿಸಿ ಕೊಟ್ಟುಬಿಡಿರಿ. ಅದಾಗದಿದ್ದರೆ ಆಧಾರ್ ಕೇಂದ್ರಕ್ಕೆ ಹೋಗಿ ಆಧಾರ್‌ನಲ್ಲೇ ಪಾಸ್‌ಬುಕ್‌ನಂತೆ ಬದಲಾಯಿಸಿಕೊಂಡರೂ ಆಯಿತು.

ಭೀಮಾತೀರ

ಶಹಾಬಾದ್ ಅವರೇ, ಎರಡನೆಯ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಆಧಾರ್‌ನಲ್ಲಿ ಜನ್ಮದಿನಾಂಕವನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ತಿದ್ದಲು ಅವಕಾಶವಿದೆ. ಸರಿಯಾಗಿರುವ ದಾಖಲೆಯನ್ನು ತಪ್ಪಾಗಿರುವುದಕ್ಕೆ ಹೊಂದಿಸಿದರೆ, ಇಂದು ಬ್ಯಾಂಕು ಸರಿಹೋದರೂ ನಾಳೆ ಪ್ಯಾನ್ ಕೈಕೊಡುತ್ತದೆ.

ಮೂರು ದಾಖಲೆಗಳಲ್ಲಿ ಎರಡು ಒಂದನ್ನೊಂದು ಒಪ್ಪುತ್ತಿದ್ದು, ಬ್ಯಾಂಕಿನದು ಒಂದೇ ಬೇರೆಯಾಗಿದೆ. ತಿದ್ದಬೇಕಾದದ್ದು ಅದನ್ನೇ, ಮತ್ತು ಅದನ್ನು ತಿದ್ದುವ ಕೆಲಸ ಬ್ಯಾಂಕಿನದ್ದೇ. ಈ ಜನವರಿ 1 ಎಲ್ಲಿಂದ ಬಂತೆಂಬುದನ್ನು ನಾನು ಊಹಿಸಬಲ್ಲೆ. 2007ರಲ್ಲಿ ಆಧಾರ್ ಇರಲಿಲ್ಲ, ಹಳ್ಳಿಯವರ ಖಾತೆಗಳನ್ನು ಬಹುಪಾಲು ಮತದಾರರ ಗುರುತಿನ ಚೀಟಿಯ ಮೇಲೆ ತೆರೆಯುತ್ತಿದ್ದೆವು. ಹಳೆಯ ಚೀಟಿಗಳಲ್ಲಿ ಹುಟ್ಟಿದ ದಿನಾಂಕದ ಬದಲು, ಇಂಥ ವರ್ಷದ ಜನವರಿ 1ಕ್ಕೆ ವಯಸ್ಸು ಇಷ್ಟು ಎಂದಿರುತ್ತಿತ್ತು. ಗಣಕವು ದಿನಾಂಕ ಕೊಡದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಆಗ ವಯಸ್ಸನ್ನು ಕಳೆದು ಜನವರಿ 1 ಎಂದು ತುಂಬುತ್ತಿದ್ದೆವು. ನಾನೇ ಹಾಗೆ ಎಷ್ಟೋ ಖಾತೆಗಳಲ್ಲಿ ತುಂಬಿದ್ದೇನೆ. ಅದರ ಭಾರ ಈಗ ನಿಮ್ಮಂಥವರ ಮೇಲೆ ಬೀಳುತ್ತಿರುವುದು ನನಗೆ ನೋವಿನ ಸಂಗತಿ. ಜೂನ್ 1 ಎಂಬುದು ಶಾಲೆಗೆ ಸೇರಿಸುವಾಗ ಗುರುಗಳು ಬರೆದ ದಿನಾಂಕವಾಗಿರಬಹುದು, ಆದರೂ ಆಧಾರ್ ಮತ್ತು ಪ್ಯಾನ್ ಎರಡರಲ್ಲೂ ಅದೇ ಇರುವುದರಿಂದ ಅದನ್ನೇ ಹಿಡಿದು ನಡೆಯಿರಿ. ಆ ಹಳೆಯ ಮತದಾರರ ಚೀಟಿ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಪಾಸ್‌ಬುಕ್‌ನ ಶರಣಪ್ಪನೂ ಆಧಾರ್‌ನ ಶರಣಪ್ಪನೂ ಒಬ್ಬರೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಕೊಂಡಿ ಇನ್ನೊಂದಿಲ್ಲ.

ಅಫಿಡವಿಟ್ ಬಗ್ಗೆ: ಕೆಲವು ಶಾಖೆಗಳು ಅದನ್ನು ಪೂರಕವಾಗಿ ಕೇಳುತ್ತವೆ, ಕೇಳಿದರೆ ಕೊಡಿರಿ. ಆದರೆ ರಿಸರ್ವ್ ಬ್ಯಾಂಕ್ ಒಪ್ಪಿದ ಗುರುತಿನ ದಾಖಲೆಗಳಲ್ಲಿ ಅದು ಸೇರಿಲ್ಲ. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಚೀಟಿ, ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತರಿ ಕಾರ್ಡ್, ರಾಷ್ಟ್ರೀಯ ಜನಸಂಖ್ಯಾ ನೋಂದಣಿಯ ಪತ್ರ, ಇಷ್ಟೇ ಆ ಪಟ್ಟಿ. ಪ್ಯಾನ್ ಕೂಡ ಅದರಲ್ಲಿಲ್ಲ, ಅದನ್ನು ಪ್ರತ್ಯೇಕವಾಗಿ ಕೇಳುತ್ತಾರೆ.

ವಿಳಾಸದ್ದೇ ನಿಜವಾದ ತೊಡಕೆಂದು ತೋರುತ್ತದೆ. ಜಿಲ್ಲೆಯ ಹೆಸರು ಬದಲಾದದ್ದು ದೊಡ್ಡ ವಿಷಯವಲ್ಲ: ಯಾದಗಿರಿ 2009ರ ಕೊನೆಯಲ್ಲಿ ಬೇರೆ ಜಿಲ್ಲೆಯಾಯಿತು, ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು, ಇಲ್ಲಿನ ಅಧಿಕಾರಿಗಳಿಗೆ ಇದು ಗೊತ್ತಿದೆ. ಆದರೆ ನೀವು ಅರ್ಜಿಯಲ್ಲಿ ಕಲಬುರಗಿಯ ಕೋಣೆ ಬರೆದ ಕೂಡಲೇ ಅದು ವಿಳಾಸ ಬದಲಾವಣೆಯ ಕೋರಿಕೆಯಾಯಿತು, ಜೊತೆಗೆ ಕೊಟ್ಟ ಆಧಾರ್ ಸುರಪುರ ತಾಲ್ಲೂಕನ್ನು ತೋರಿಸುತ್ತಿದೆ. ನಿಜವಾಗಿಯೂ ವಾಸ ಬದಲಾಗಿದ್ದರೆ ಎರಡು ತಿಂಗಳಿಗಿಂತ ಹಳೆಯದಲ್ಲದ ಜೆಸ್ಕಾಂ ಬಿಲ್‌ನಂಥ ದಾಖಲೆ ಕೊಟ್ಟು, ಮೂರು ತಿಂಗಳೊಳಗೆ ಹೊಸ ವಿಳಾಸವಿರುವ ಗುರುತಿನ ದಾಖಲೆ ಒಪ್ಪಿಸಬೇಕಾಗುತ್ತದೆ. ಬಾಡಿಗೆಯವರಿಗೆ ಆ ಬಿಲ್ ಮನೆ ಮಾಲೀಕರ ಹೆಸರಿನಲ್ಲಿರುವುದೇ ಕಷ್ಟ. ನಿಮ್ಮ ತಂದೆಯವರು ಊರಿನಲ್ಲೇ ಇದ್ದಾರಲ್ಲ, ಅರ್ಜಿಯಲ್ಲಿ ಊರಿನ ವಿಳಾಸವನ್ನೇ ಬರೆಯಿರಿ.

ಈಗ ಹೋಗುವಾಗ ತಂದೆಯವರನ್ನು ಕರೆದುಕೊಂಡು ಹೋಗಿರಿ. ಮೂಲ ಆಧಾರ್, ಮೂಲ ಪ್ಯಾನ್, ಪಾಸ್‌ಬುಕ್, ಹಳೆಯ ಮತದಾರರ ಚೀಟಿ, ಎರಡು ಫೋಟೊ, ಖಾತೆಗೆ ಜೋಡಿಸಿದ ಮೊಬೈಲ್ ಇರಲಿ. ಹೊಸ ಕೆವೈಸಿ ಅರ್ಜಿಯ ಜೊತೆಗೆ, ಖಾತೆಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕವನ್ನು ಆಧಾರ್‌ನಂತೆ ತಿದ್ದಬೇಕೆಂಬ ಪ್ರತ್ಯೇಕ ಪತ್ರವನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿರಿ. ಜೆರಾಕ್ಸ್‌ಗಳನ್ನು ಮೂಲದೊಂದಿಗೆ ನೋಡಿ ಅಧಿಕಾರಿ ಸಹಿ ಮಾಡುವವರೆಗೆ ಕೌಂಟರ್ ಬಿಟ್ಟು ಕದಲಬೇಡಿರಿ. ಒಕ್ಕಲುತನದ ಕೈ, ಬೆರಳಚ್ಚು ಯಂತ್ರಕ್ಕೆ ಹಿಡಿಯದೇ ಹೋಗಬಹುದು. ಹಾಗಾದರೆ ಕಾಗದದ ಮೇಲೆಯೇ ಪರಿಶೀಲಿಸಲು ಕೇಳಿರಿ.

ಬಿದರಿ ಕುಸುರಿ

ಕೆವೈಸಿಯನ್ನು ಯಾವ ಶಾಖೆಯಲ್ಲಾದರೂ ಮಾಡಿಸಬಹುದೆಂದು ಕೇಳಿದ್ದೇನೆ. ಹಾಗಿದ್ದರೆ ಕಲಬುರಗಿಯಲ್ಲೇ ಆಗಲಿಲ್ಲವೇಕೆ?

ಭೀಮಾತೀರ

ನವೀಕರಣವನ್ನು ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಮಾಡಿಸಬಹುದು, ನಿಜ. ಆದರೆ ಹೆಸರು ಮತ್ತು ಜನ್ಮದಿನಾಂಕ ತಿದ್ದುವಾಗ ಖಾತೆ ತೆರೆದ ದಿನದ ಅರ್ಜಿಯನ್ನು ತೆಗೆದು ನೋಡಬೇಕಾಗುತ್ತದೆ, ಅದು ಮೂಲ ಶಾಖೆಯಲ್ಲಿರುತ್ತದೆ. ಆದ್ದರಿಂದ ಸುರಪುರವೇ ಲೇಸು ಎಂಬುದು ನನ್ನ ಅನಿಸಿಕೆ. ಬೇರೆ ಶಾಖೆಯಲ್ಲೇ ಆಯಿತು ಎಂದವರೂ ಇದ್ದಾರೆ.

ಸಗರನಾಡು (ಕಲಬುರಗಿ)

ಸೋಮವಾರ ಅಪ್ಪನೊಂದಿಗೆ ಸುರಪುರದ ಶಾಖೆಗೆ ಹೋಗಿದ್ದೆ. ಅಲ್ಲಿಯ ಅಧಿಕಾರಿ ಪರದೆ ತಿರುಗಿಸಿ ತೋರಿಸಿದರು: ಕಲಬುರಗಿಯಲ್ಲಿ ಕೊಟ್ಟ ಅರ್ಜಿ ಒಂಬತ್ತನೆಯ ದಿನವೇ `Returned: Address proof not submitted` ಎಂದು ಹಿಂದಿರುಗಿದ್ದು, ಆಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹೆಸರು, ದಿನಾಂಕದ ವಿಷಯ ಅವರ ಗಮನಕ್ಕೇ ಬಂದಿರಲಿಲ್ಲ. ಮತದಾರರ ಚೀಟಿ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು. ಅದರಲ್ಲಿ `Age as on 1.1.2006: 45` ಎಂದಿತ್ತು. ಅದನ್ನು ನೋಡಿದ ಅಧಿಕಾರಿ ಅಫಿಡವಿಟ್ ಕೇಳಲೇ ಇಲ್ಲ. ಅಪ್ಪನ ಬೆರಳಚ್ಚು ನಾಲ್ಕು ಸಲವೂ ಹಿಡಿಯಲಿಲ್ಲ, ಕಾಗದದ ಮೇಲೆಯೇ ಪರಿಶೀಲಿಸಿದರು.

ಗುರುವಾರ ಕೆವೈಸಿ ಆದ ಸಂದೇಶ ಬಂತು, ಶುಕ್ರವಾರ ಹಣ ತೆಗೆದು ಕೂಲಿಯವರಿಗೆ ಕೊಟ್ಟೆವು. ಹೆಸರು ಸರಿಯಾಗಿದೆ. ಜನ್ಮದಿನಾಂಕ ಮಾತ್ರ ಇನ್ನೂ ಜನವರಿ 1 ಎಂದೇ ಇದೆ. ಅದು ಮೇಲಿನ ಕಚೇರಿಯ ಅನುಮತಿಗೆ ಹೋಗಿದೆಯಂತೆ. ಅದು ಆಗದಿದ್ದರೆ ಯಾರ ಬಳಿ ಹೋಗಬೇಕು ಸರ್?

ಭೀಮಾತೀರ

ಸ್ವೀಕೃತಿಯ ಪ್ರತಿ ಇಟ್ಟುಕೊಂಡು, ಒಂದೆರಡು ವಾರ ಬಿಟ್ಟು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ದೂರು ಕೊಟ್ಟು 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಅದನ್ನು ಪರಿಗಣಿಸುವುದಿಲ್ಲ.

ಕಾರಂಜಾ (ಬೀದರ್)

ಗ್ರಾಹಕ ಸೇವೆಯವರು ತಪಾಸಣೆ ಮುಗಿದಿದೆ ಎನ್ನುತ್ತಾರೆ, ಆ್ಯಪ್ ಇನ್ನೂ ಪೆಂಡಿಂಗ್ ಎನ್ನುತ್ತಿದೆ. ನನ್ನ ಆಧಾರ್‌ನಲ್ಲಿ ತಂದೆಯ ಹೆಸರೂ ಇಲ್ಲ, ಅಡ್ಡಹೆಸರೂ ಇಲ್ಲ, ಒಂದೇ ಹೆಸರಿದೆ, ಪ್ಯಾನ್‌ನಲ್ಲಿ ಎರಡಿವೆ. ಇಂಥದ್ದು ಯಾರಿಗಾದರೂ ಆಗಿದೆಯೇ?